ಒದ್ದೆ ರಸ್ತೆಗೆ ಸೇರಿಸಿದ ವ್ಯಕ್ತಿ ಅಂಟಿಸಿದ ಹಾಗೆ ಕಾಣುತ್ತಿದ್ದಾರೆ: ನೆರಳನ್ನೂ ಪ್ರತಿಬಿಂಬವನ್ನೂ ಬರೆಯುವುದು ಹೇಗೆ?

ಇಬ್ಬನಿ

ಎಲ್ಲರಿಗೂ ನಮಸ್ಕಾರ. ಮಳೆ ನಿಂತ ಮೇಲೆ ತೆಗೆದ ಒಂದು ಖಾಲಿ ರಸ್ತೆಯ ಚಿತ್ರಕ್ಕೆ, ಬೇರೊಂದು ದಿನ ತೆಗೆದ ಮಹಿಳೆಯೊಬ್ಬರ ಚಿತ್ರವನ್ನು ಸೇರಿಸುತ್ತಿದ್ದೇನೆ. ಅವರ ಕೈಯಲ್ಲಿ ಬಿಚ್ಚಿದ ಕೆಂಪು ಕೊಡೆ ಇದೆ. ಎರಡೂ ದಿನ ಮೋಡ ಮುಚ್ಚಿತ್ತು; ಎರಡೂ ಸಲ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಮೇಲಕ್ಕೂ ಕೆಳಕ್ಕೂ ಬಾಗಿಸದೆ ನೇರವಾಗಿ ಇಟ್ಟಿದ್ದೆ. ರಸ್ತೆಯಲ್ಲಿ ನೀರು ನಿಂತ ಜಾಗ ಕ್ಯಾಮೆರಾದಿಂದ 3 ಮೀಟರಿಗೆ ಶುರುವಾಗಿ ನಾಲ್ಕೂವರೆ ಮೀಟರಿಗೆ ಮುಗಿಯುತ್ತದೆ. ಅಂದೇ ಹೆಜ್ಜೆ ಹಾಕಿ ಅಳೆದಿದ್ದರಿಂದ ಈ ಲೆಕ್ಕ ಹೆಚ್ಚು ಕಡಿಮೆ ಸರಿಯಾಗಿದೆ. ಮಹಿಳೆಯನ್ನು 6 ಮೀಟರ್ ದೂರದಲ್ಲಿ, ನೀರಿನ ಆಚೆ ನಿಲ್ಲಿಸಿದ್ದೇನೆ.

ನಾನು ಮಾಡಿರುವುದು ಇಷ್ಟು. ಅವರ ಲೇಯರನ್ನು ನಕಲು ಮಾಡಿ, `Flip Vertical` ಕೊಟ್ಟು, ಅಪಾರದರ್ಶಕತೆಯನ್ನು ಶೇಕಡಾ 40ಕ್ಕೆ ಇಳಿಸಿದೆ. ಕೊಡೆ ನೀರಿನೊಳಗೆ ಕಾಣಲಿಲ್ಲವಾದ್ದರಿಂದ ಪ್ರತಿಬಿಂಬವನ್ನು ಸ್ವಲ್ಪ ಕುಗ್ಗಿಸಿ ಮೇಲಕ್ಕೆ ಸರಿಸಿದೆ. ಎಡಗಡೆಗೆ ವಾಲಿದ ಉದ್ದನೆಯ ನೆರಳೊಂದನ್ನು ಕಪ್ಪು ಕುಂಚದಿಂದ ಬರೆದು ಮಸುಕು ಮಾಡಿದೆ. ಬಣ್ಣ, ಅಂಚು, ಗಾತ್ರ ಎಲ್ಲವೂ ಹೊಂದಿಕೊಂಡಂತಿದ್ದರೂ ನೋಡಿದವರೆಲ್ಲ ಮೊದಲ ನೋಟಕ್ಕೇ ಅವರನ್ನು ಅಂಟಿಸಲಾಗಿದೆ ಎಂದು ಹೇಳುತ್ತಿದ್ದಾರೆ. ತಪ್ಪು ಎಲ್ಲಿದೆ ಎಂದು ನನ್ನ ಕಣ್ಣಿಗೆ ಹೊಳೆಯುತ್ತಿಲ್ಲ.

ಮುಸ್ಸಂಜೆ

ಇಬ್ಬನಿಯವರೇ, ಶೇಕಡಾ 40 ಬಹಳ ಹೆಚ್ಚಾಯಿತು. ಅದನ್ನು 20ಕ್ಕೆ ಇಳಿಸಿ, ಇಡೀ ಪ್ರತಿಬಿಂಬಕ್ಕೆ ಎಂಟು ಪಿಕ್ಸೆಲ್‌ನಷ್ಟು `Gaussian Blur` ಕೊಡಿ. ನೀರಿನಲ್ಲಿ ಕಾಣುವುದು ಯಾವತ್ತೂ ಮಸುಕಾಗಿರುತ್ತದೆ. ಇನ್ನೊಂದು ಮಾತು: ನಿಮ್ಮ ನೆರಳು ಎಡಕ್ಕೆ ವಾಲಿದೆ, ಪ್ರತಿಬಿಂಬ ನೇರ ಕೆಳಗಿದೆ. ಎರಡೂ ಒಂದೇ ದಿಕ್ಕಿಗೆ ಹೋಗದಿದ್ದರೆ ಕಣ್ಣಿಗೆ ಕಿರಿಕಿರಿಯಾಗುತ್ತದೆ. ಪ್ರತಿಬಿಂಬವನ್ನೂ `Skew` ಮಾಡಿ ಸ್ವಲ್ಪ ಎಡಕ್ಕೆ ವಾಲಿಸಿ ನೋಡಿ.

ಕುಂಚ

ಜಲವರ್ಣದಲ್ಲಿ ಪ್ರತಿಬಿಂಬ ಬರೆಯುವಾಗ ಕಾಗದ ಪೂರ್ತಿ ಒಣಗುವ ಮೊದಲೇ ಕುಂಚವನ್ನು ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಅಡ್ಡ ಗೆರೆಗಳನ್ನು ಆಮೇಲೆ ಒಣ ಕುಂಚದಿಂದ ಎತ್ತಬೇಕು. ನೀವು ಯಾವ ಕಾಗದ ಬಳಸುತ್ತಿದ್ದೀರಿ ಎಂದು ತಿಳಿಸಿದರೆ ಎಷ್ಟು ಹೊತ್ತು ಕಾಯಬೇಕೆಂದು ಹೇಳಬಹುದು. ನಮಗೆ ಕಲಿಸಿದವರು ಹೇಳುತ್ತಿದ್ದ ಒಂದು ಮಾತು ನಿಮಗೆ ಉಪಯೋಗವಾಗಬಹುದು: ಬೆಳ್ಳಗಿರುವುದು ನೀರಿನಲ್ಲಿ ಒಂದು ಪಟ್ಟು ಕಪ್ಪಾಗುತ್ತದೆ, ಕಪ್ಪಗಿರುವುದು ಒಂದು ಪಟ್ಟು ತಿಳಿಯಾಗುತ್ತದೆ.

ಇಬ್ಬನಿ

ಕುಂಚ ಅವರೇ, ಕ್ಷಮಿಸಿ, ನಾನು ಬರೆಯುತ್ತಿರುವುದು ಕಾಗದದ ಮೇಲಲ್ಲ, ಕಂಪ್ಯೂಟರಿನಲ್ಲಿ ಛಾಯಾಚಿತ್ರದ ಮೇಲೆ. ಆದರೂ ನಿಮ್ಮ ಕೊನೆಯ ಮಾತನ್ನು ಬರೆದಿಟ್ಟುಕೊಂಡಿದ್ದೇನೆ. ಮುಸ್ಸಂಜೆಯವರೇ, ನೀವು ಹೇಳಿದಂತೆ ಶೇಕಡಾ 20ಕ್ಕೆ ಇಳಿಸಿದೆ. ಈಗ ಪ್ರತಿಬಿಂಬ ಅಂಟಿಸಿದಂತೆ ಕಾಣುವ ಬದಲು ದೆವ್ವದಂತೆ ಕಾಣುತ್ತಿದೆ. ಅವರ ಕಪ್ಪು ಕೋಟಿನೊಳಗಿನಿಂದ ಆಕಾಶದ ಬಿಳುಪು ತೂರಿ ಬರುತ್ತಿದೆ.

ತಿಳಿಗೊಳ

ಇಬ್ಬನಿಯವರೇ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕೊನೆಯ ವಾಕ್ಯದಲ್ಲಿಯೇ ಇದೆ. ಕೋಟಿನೊಳಗಿನಿಂದ ಆಕಾಶ ತೂರಿ ಬರುತ್ತಿದೆ ಎಂದಿರಿ. ಅದು ಬರಬಾರದು.

ಖಾಲಿ ರಸ್ತೆಯ ಆ ನೀರನ್ನು ನೋಡಿ. ಅದು ಬೆಳ್ಳಗೆ ಕಾಣುವುದು ಅದರಲ್ಲಿ ಮೋಡದ ಆಕಾಶ ಪ್ರತಿಫಲಿಸುತ್ತಿರುವುದರಿಂದ. ನೀರಿನ ಅಡಿಯ ಡಾಂಬರು ತಾನಾಗಿ ಬಹಳ ಕಪ್ಪು. ಅಲ್ಲಿ ನಿಜವಾಗಿಯೂ ಒಬ್ಬರು ಬಂದು ನಿಂತಿದ್ದರೆ ಮೊದಲು ಆಗುತ್ತಿದ್ದದ್ದು, ಅವರ ಹಿಂದಿನ ಆಕಾಶದಿಂದ ನೀರಿಗೆ ಬರುತ್ತಿದ್ದ ಬೆಳಕು ಅವರ ಮೈಗೆ ತಡೆದು ನಿಲ್ಲುವುದು. ನೀರಿನಲ್ಲಿ ಅವರ ಆಕಾರದಷ್ಟು ಜಾಗದಿಂದ ಆಕಾಶ ಅಳಿಸಿಹೋಗುತ್ತಿತ್ತು, ಅಲ್ಲಿ ಡಾಂಬರಿನ ಕಪ್ಪು ಕಾಣುತ್ತಿತ್ತು. ಆ ಕಪ್ಪಿನ ಮೇಲೆ, ಅವರ ಬಟ್ಟೆಯಿಂದಲೂ ಮುಖದಿಂದಲೂ ಬಂದ ಕೊಂಚ ಬೆಳಕು ಸೇರಿಕೊಳ್ಳುತ್ತಿತ್ತು. ಅಂದರೆ ಕೆಲಸ ಎರಡು: ಮೊದಲು ಆಕಾಶವನ್ನು ಕಳೆಯಬೇಕು, ಆಮೇಲೆ ವ್ಯಕ್ತಿಯನ್ನು ಕೂಡಬೇಕು. ಅಪಾರದರ್ಶಕತೆಯನ್ನು ಇಳಿಸುವುದರಿಂದ ಈ ಎರಡರಲ್ಲಿ ಯಾವುದೂ ಆಗುವುದಿಲ್ಲ. ಅದು ಆಕಾಶವನ್ನೂ ವ್ಯಕ್ತಿಯನ್ನೂ ಬೆರೆಸಿ ಎರಡನ್ನೂ ಅರ್ಧಕ್ಕೆ ನಿಲ್ಲಿಸುತ್ತದೆ. ನಲವತ್ತಾದರೂ ಇಪ್ಪತ್ತಾದರೂ ಅದೇ ದೆವ್ವ.

ಕಳೆಯುವುದು ಹೀಗೆ. ನಿಮ್ಮ ಹಿನ್ನೆಲೆಯ ಚಿತ್ರದಲ್ಲಿಯೇ ನೀರಿನೊಳಗೆ ಯಾವುದಾದರೂ ಕಪ್ಪು ವಸ್ತು, ಒಂದು ಕಂಬ ಅಥವಾ ಮರದ ಬೊಡ್ಡೆ, ಪ್ರತಿಫಲಿಸಿರುವ ಜಾಗವನ್ನು ಹುಡುಕಿ. ಅಲ್ಲಿ ಕಾಣುವ ಬಣ್ಣವೇ ಆಕಾಶವಿಲ್ಲದ ನೀರಿನ ಬಣ್ಣ. ಅವರ ಆಕಾರದ ಮಾಸ್ಕ್ ಹಾಕಿದ ಒಂದು `Curves` ಲೇಯರಿನಿಂದ ನೀರನ್ನು ಆ ಕಪ್ಪಿನ ಮಟ್ಟಕ್ಕೆ ಇಳಿಸಿ. ಆ ಬಣ್ಣವನ್ನೇ ತುಂಬಿದರೂ ಆಗುತ್ತದೆ, ಆದರೆ ನೀರಿನಡಿಯ ಕಲ್ಲಿನ ತರಿ ಮುಚ್ಚಿಹೋಗುತ್ತದೆ, ಇಳಿಸಿದರೆ ಉಳಿಯುತ್ತದೆ. ಇಷ್ಟು ಮಾಡಿ ನಿಲ್ಲಿಸಿ, ಎದ್ದು ಹೋಗಿ ಬಂದು ನೋಡಿ. ವ್ಯಕ್ತಿಯ ಬಣ್ಣ ಇನ್ನೂ ಸೇರಿಲ್ಲದಿದ್ದರೂ ಆ ಬರಿಯ ಕಪ್ಪು ಆಕಾರವೇ ಅವರನ್ನು ನೆಲಕ್ಕೆ ಇಳಿಸಿರುತ್ತದೆ.

ಕೂಡುವುದು ಆಮೇಲೆ. ತಲೆಕೆಳಗು ಮಾಡಿದ ಲೇಯರನ್ನು `Screen` ಕ್ರಮದಲ್ಲಿಟ್ಟು, ಅದರ ಬೆಳಕನ್ನು `Exposure` ಹೊಂದಾಣಿಕೆಯಿಂದ ಇಳಿಸಬೇಕು. ಎಷ್ಟು ಇಳಿಸಬೇಕೆಂದು ನಿಮ್ಮ ಚಿತ್ರವೇ ಹೇಳುತ್ತದೆ: ಅದರಲ್ಲಿ ಬಿಳಿ ಗೋಡೆ ಇದ್ದರೆ, ಗೋಡೆ ಎಷ್ಟು ಬೆಳ್ಳಗಿದೆ, ನೀರಿನಲ್ಲಿ ಅದೇ ಗೋಡೆ ಎಷ್ಟು ಬೆಳ್ಳಗಿದೆ ಎಂದು ಹೋಲಿಸಿ ನೋಡಿ. ಅಂಥ ವಸ್ತು ಇಲ್ಲದಿದ್ದರೆ ಲೆಕ್ಕದ ಮೊರೆ ಹೋಗಬಹುದು. ನಿಮ್ಮ ಎತ್ತರದಿಂದ 3 ಮೀಟರ್ ದೂರದ ನೀರನ್ನು ನೋಡಿದಾಗ ಅದು ಬಂದ ಬೆಳಕಿನಲ್ಲಿ ಸುಮಾರು ಶೇಕಡಾ 8ನ್ನು ಮಾತ್ರ ಮರಳಿಸುತ್ತದೆ, ನಾಲ್ಕೂವರೆ ಮೀಟರಿನಲ್ಲಿ ಸುಮಾರು ಶೇಕಡಾ 15. ದೂರ ಹೋದಷ್ಟೂ ನೋಟ ಓರೆಯಾಗುವುದರಿಂದ ಪ್ರತಿಬಿಂಬ ಗಟ್ಟಿಯಾಗುತ್ತದೆ. ನಡುವಿನಲ್ಲಿ ಶೇಕಡಾ 10 ಎಂದು ಹಿಡಿದರೆ ಅದು ಮೂರು ಸ್ಟಾಪಿಗಿಂತ ಸ್ವಲ್ಪ ಹೆಚ್ಚು ಇಳಿಕೆ. `Exposure` ಪೆಟ್ಟಿಗೆಯಲ್ಲಿ `-3.3` ಎಂದು ಬರೆಯಬಹುದು. ಶೇಕಡಾ 10 ಅಪಾರದರ್ಶಕತೆ ಬೇರೆ, ಶೇಕಡಾ 10 ಬೆಳಕು ಬೇರೆ ಎಂಬುದನ್ನು ಮರೆಯಬೇಡಿ. ಪರದೆಯ ಮೇಲೆ 200 ಎಂದು ತೋರಿಸುವ ಬಿಳುಪು ಹತ್ತನೇ ಒಂದು ಭಾಗ ಬೆಳಕಿಗೆ ಇಳಿದಾಗ 20 ಆಗುವುದಿಲ್ಲ, ಸುಮಾರು 68 ಆಗುತ್ತದೆ.

ಕುಂಚ ಅವರ ಸೂತ್ರ ಇದೇ ವಿಷಯವನ್ನು ಕಣ್ಣಿನಿಂದ ಕಂಡುಕೊಂಡದ್ದು. ಅದರ ಮೊದಲರ್ಧ ಎಲ್ಲ ಕಡೆಗೂ ಸರಿ. ಎರಡನೆಯ ಅರ್ಧ ಮಾತ್ರ ನೀರಿಗೆ ತಕ್ಕಂತೆ ಬದಲಾಗುತ್ತದೆ: ಕೆಸರು ನೀರು ತನ್ನದೇ ಬಣ್ಣವನ್ನು ಸೇರಿಸುವುದರಿಂದ ಕಪ್ಪು ತಿಳಿಯಾಗುತ್ತದೆ; ಕಪ್ಪು ಡಾಂಬರಿನ ಮೇಲಿನ ತೆಳು ನೀರಿನಲ್ಲಿ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ.

ಮುಸ್ಸಂಜೆ

ತಿಳಿಗೊಳ ಸರ್, ಕಳೆದು ಕೂಡುವ ಮಾತನ್ನು ಒಪ್ಪಿಕೊಂಡೆ, ನಾನು ಹಾಗೆ ಯೋಚಿಸಿರಲಿಲ್ಲ. ಆದರೆ ದಿಕ್ಕಿನ ಬಗ್ಗೆ ನನ್ನ ಮಾತಿಗೆ ನೀವು ಉತ್ತರಿಸಲಿಲ್ಲ. ಮಸುಕು ಬೇಡವೇ?

ತಿಳಿಗೊಳ

ದಿಕ್ಕು ಒಂದೇ ಆಗಲು ಸಾಧ್ಯವಿಲ್ಲ, ಮುಸ್ಸಂಜೆಯವರೇ. ನೆರಳು ಬೆಳಕಿನ ಮೂಲದಿಂದ ಆಚೆಗೆ ಬೀಳುತ್ತದೆ. ಪ್ರತಿಬಿಂಬ ನೋಡುವವನ ಕಡೆಗೇ ಬರುತ್ತದೆ. ಸಮತಟ್ಟಾದ ನೀರಿನಲ್ಲಿ, ಕ್ಯಾಮೆರಾ ನೇರವಾಗಿದ್ದರೆ, ಚೌಕಟ್ಟಿನ ಯಾವ ಮೂಲೆಯಲ್ಲಿ ನಿಂತವರ ಪ್ರತಿಬಿಂಬವಾದರೂ ಲಂಬವಾಗಿ ಕೆಳಗೇ ಇರುತ್ತದೆ. ಅದನ್ನು ವಾಲಿಸಿದ ಕ್ಷಣವೇ ನೆಲ ಓರೆಯಾಗಿದೆ ಎಂದು ಕಣ್ಣು ಅರ್ಥ ಮಾಡಿಕೊಳ್ಳುತ್ತದೆ.

ಮಸುಕಿನ ವಿಚಾರದಲ್ಲಿ ನೀವು ಹೇಳಿದ್ದು ಅರ್ಧ ನಿಜ. ಅಲೆಯಿಲ್ಲದ ನಿಂತ ನೀರಿನಲ್ಲಿ ಪ್ರತಿಬಿಂಬ ವಸ್ತುವಿನಷ್ಟೇ ಹರಿತವಾಗಿರುತ್ತದೆ. ಅಷ್ಟೇ ಅಲ್ಲ, ಅದರ ಫೋಕಸ್ ಕೂಡ ನೀರಿನ ದೂರವನ್ನು ಅನುಸರಿಸುವುದಿಲ್ಲ, ಕ್ಯಾಮೆರಾದಿಂದ ನೀರಿಗೆ ಮತ್ತು ನೀರಿನಿಂದ ವ್ಯಕ್ತಿಗೆ ಇರುವ ಒಟ್ಟು ದೂರವನ್ನು ಅನುಸರಿಸುತ್ತದೆ. ಆದುದರಿಂದ ನೀರಿನ ಅಂಚಿನ ಕಲ್ಲು ಫೋಕಸ್ ತಪ್ಪಿದ್ದರೂ ಅದರ ಪಕ್ಕದಲ್ಲಿಯೇ ವ್ಯಕ್ತಿಯ ಪ್ರತಿಬಿಂಬ ಸ್ಪಷ್ಟವಾಗಿರಬಹುದು. ಮಸುಕು ಇರಬೇಕಾದದ್ದು ನೀರು ನಿಲ್ಲದೆ ಬರಿಯ ಒದ್ದೆಯಾಗಿರುವ ತರಿತರಿ ಡಾಂಬರಿನ ಮೇಲೆ. ಅಲ್ಲಿಯೂ ಅದು ಸುತ್ತಲೂ ಹರಡುವ ಮಸುಕಲ್ಲ. ಮೇಲಿನಿಂದ ಕೆಳಕ್ಕೆ ಎಳೆದಂತೆ ಉದ್ದವಾಗಿ ಹರಡುತ್ತದೆ, ಅಡ್ಡಕ್ಕೆ ಬಹಳ ಕಡಿಮೆ. `Motion Blur` ಅನ್ನು 90 ಡಿಗ್ರಿಗೆ ಇಟ್ಟು ಕೊಟ್ಟರೆ ಹತ್ತಿರ ಬರುತ್ತದೆ. ಪಾದದ ಬಳಿ ಬಹುತೇಕ ಮಸುಕಿಲ್ಲದೆ, ದೂರ ಹೋದಂತೆ ಹೆಚ್ಚುತ್ತಾ ಹೋಗಬೇಕು. ಕುಂಚ ಅವರು ಒದ್ದೆ ಕಾಗದದ ಮೇಲೆ ಕುಂಚವನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತೇನೆ ಎಂದದ್ದು ಇದನ್ನೇ.

ಅರೆನಿದ್ದೆ

ಒಂದು ಸಂದೇಹ. ಶೇಕಡಾ 8, ಶೇಕಡಾ 15, ಲಂಬ ಮಸುಕು, ಇದನ್ನೆಲ್ಲ ಯಾರು ಅಳೆದು ನೋಡುತ್ತಾರೆ? ತಪ್ಪು ಪ್ರತಿಬಿಂಬಗಳಿರುವ ಎಷ್ಟೋ ಚಿತ್ರಗಳನ್ನು ಜನ ಮೆಚ್ಚಿ ನೋಡುವುದನ್ನು ನಾನೇ ಕಂಡಿದ್ದೇನೆ. ನೋಡುವವರು ಮುಖ ನೋಡುತ್ತಾರೆಯೇ ಹೊರತು ಕೊಚ್ಚೆಯನ್ನಲ್ಲ.

ಇಬ್ಬನಿ

ಅರೆನಿದ್ದೆಯವರೇ, ನನ್ನ ಚಿತ್ರವನ್ನು ನೋಡಿದ ನಾಲ್ವರಲ್ಲಿ ಒಬ್ಬರಿಗೂ ಪ್ರತಿಬಿಂಬ ತಪ್ಪಾಗಿದೆ ಎಂದು ಹೇಳಲು ಬರಲಿಲ್ಲ. ಆದರೆ ನಾಲ್ವರೂ ಅಂಟಿಸಿದ್ದು ಎಂದೇ ಹೇಳಿದರು.

ಅರೆನಿದ್ದೆ

ಅದು ಪ್ರತಿಬಿಂಬದಿಂದಲೇ ಎಂದು ನಿಮಗೆ ಹೇಗೆ ಗೊತ್ತು? ಕೂದಲಿನ ಅಂಚು ಕೂಡ ಇರಬಹುದು. ನಾನಾಗಿದ್ದರೆ ಪಾದದ ಕೆಳಗಿನ ಎರಡು ಬೆರಳಗಲ ಜಾಗವನ್ನು ಮಾತ್ರ ಸರಿಮಾಡಿ, ಉಳಿದದ್ದನ್ನು ಕತ್ತಲಿಗೆ ಬಿಡುತ್ತಿದ್ದೆ.

ತಿಳಿಗೊಳ

ಪಾದದ ಬಗ್ಗೆ ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಇಬ್ಬನಿಯವರು ಮೊದಲ ಬರಹದಲ್ಲಿ ಸುಮ್ಮನೆ ಹೇಳಿ ಮುಂದೆ ಹೋದ ಒಂದು ವಿಷಯಕ್ಕೆ ಮರಳಬೇಕು. ಕೊಡೆ ಕಾಣಲೆಂದು ಪ್ರತಿಬಿಂಬವನ್ನು ಕುಗ್ಗಿಸಿ ಮೇಲಕ್ಕೆ ಸರಿಸಿದೆ ಎಂದಿದ್ದರು. ನನ್ನ ಮಟ್ಟಿಗೆ ದೊಡ್ಡ ತಪ್ಪು ಅದೇ.

ಕ್ಯಾಮೆರಾ ನೇರವಾಗಿದ್ದು, ವ್ಯಕ್ತಿಯ ಪಾದ ನೀರಿನ ಮಟ್ಟದಲ್ಲಿಯೇ ಇದ್ದರೆ, ಪ್ರತಿಬಿಂಬದ ಉದ್ದ ವ್ಯಕ್ತಿಯ ಉದ್ದಕ್ಕೆ ಸಮ, ಮಡಿಕೆಯ ಗೆರೆ ಪಾದದಲ್ಲಿ. ಒಂದು ಪಿಕ್ಸೆಲ್ ಕೂಡ ಕುಗ್ಗಿಸುವಂತಿಲ್ಲ. ಹಾಗೆ ಇಟ್ಟ ಮೇಲೆ ನೀರಿನ ಆಕಾರದ ಮಾಸ್ಕ್ ಹಾಕಿದರೆ ಎಷ್ಟು ಕಾಣುತ್ತದೆಯೋ ಅಷ್ಟೇ ಕಾಣಬೇಕು. ಲೆಕ್ಕ ಬೇಕಾದವರಿಗೆ: ನೀರಿನ ಒಂದು ಬಿಂದುವಿನಲ್ಲಿ ವ್ಯಕ್ತಿಯ ಯಾವ ಎತ್ತರ ಕಾಣುತ್ತದೆ ಎಂಬುದು ಹೀಗೆ ಸಿಗುತ್ತದೆ.

```
ಎತ್ತರ = ಕ್ಯಾಮೆರಾ ಎತ್ತರ × (ವ್ಯಕ್ತಿಯ ದೂರ ÷ ನೀರಿನ ದೂರ − 1)
```

ವ್ಯಕ್ತಿ 6 ಮೀಟರಿನಲ್ಲಿ ನಿಂತಿದ್ದಾರೆ. ನೀರಿನ ಆಚೆಯ ಅಂಚಿನಲ್ಲಿ, ಅಂದರೆ ನಾಲ್ಕೂವರೆ ಮೀಟರಿನಲ್ಲಿ, ಕಾಣುವುದು ಅವರ ಅರ್ಧ ಮೀಟರ್ ಎತ್ತರ, ಹೆಚ್ಚು ಕಡಿಮೆ ಮೊಣಕಾಲು. ಈಚೆಯ ಅಂಚಿನಲ್ಲಿ, 3 ಮೀಟರಿನಲ್ಲಿ, ಕಾಣುವುದು ಒಂದೂವರೆ ಮೀಟರ್ ಎತ್ತರ, ಅಂದರೆ ಬಾಯಿಯ ಆಸುಪಾಸು. ಆ ನೀರಿನಲ್ಲಿ ಅವರ ಪಾದವೂ ಇಲ್ಲ, ಕಣ್ಣೂ ಇಲ್ಲ, ಕೊಡೆಯಂತೂ ಇಲ್ಲವೇ ಇಲ್ಲ. 2 ಮೀಟರ್ ಎತ್ತರದ ಕೊಡೆಯ ತುದಿ ಪ್ರತಿಫಲಿಸುವುದು ಕ್ಯಾಮೆರಾದಿಂದ ಎರಡೂವರೆ ಮೀಟರ್ ದಾಟಿದ ಸ್ವಲ್ಪದರಲ್ಲಿ. ಅಲ್ಲಿ ನಿಂತ ನೀರಿಲ್ಲ, ಬರಿಯ ಒದ್ದೆ ಡಾಂಬರು. ಅಲ್ಲಿ ಕೆಂಪಿನ ಒಂದು ಮಬ್ಬು ಕಲೆ ಬಂದರೆ ಸಾಕು. ಇಡೀ ದೇಹ ಅಚ್ಚುಕಟ್ಟಾಗಿ ಸಣ್ಣ ನೀರಿನೊಳಗೆ ಕೂತಿರುವುದನ್ನು ನಿಜವಾದ ರಸ್ತೆಯಲ್ಲಿ ಯಾರೂ ಕಂಡಿಲ್ಲ; ಅದಕ್ಕೇ ಕಾರಣ ಹೇಳಲು ಬಾರದಿದ್ದರೂ ನಾಲ್ವರೂ ಅದನ್ನು ತಳ್ಳಿಹಾಕಿದರು.

ಇಬ್ಬನಿ

ಇದನ್ನು ಓದಿ ಸ್ವಲ್ಪ ಬೇಸರವಾಯಿತು, ಏಕೆಂದರೆ ನೀರಿನಲ್ಲಿ ಕೆಂಪು ಕೊಡೆ ಕಾಣಬೇಕು ಎಂಬುದೇ ಈ ಚಿತ್ರವನ್ನು ಮಾಡಲು ಕಾರಣ. ಅದನ್ನು ಬಿಟ್ಟರೆ ಚಿತ್ರವೇ ಬೇಡ. ಕ್ಯಾಮೆರಾ ಇನ್ನೂ ಕೆಳಗಿದ್ದಿದ್ದರೆ ಕಾಣುತ್ತಿತ್ತೇ? ನೆಲಕ್ಕೆ ತಾಗಿಸಿ ತೆಗೆದರೆ ಪ್ರತಿಬಿಂಬ ದೊಡ್ಡದಾಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

ತಿಳಿಗೊಳ

ಆ ಮಾತು ಕ್ಯಾಮೆರಾದ ಮೂಗಿನ ಮುಂದೆಯೇ ನೀರಿದ್ದಾಗ ಸರಿ. ನಿಮ್ಮ ನೀರು ಇರುವುದು 3 ಮೀಟರ್ ಆಚೆ. ಕ್ಯಾಮೆರಾವನ್ನು 30 ಸೆಂಟಿಮೀಟರಿಗೆ ಇಳಿಸಿದರೆ, ಅದೇ ಲೆಕ್ಕದಲ್ಲಿ, ಆ ನೀರಿನಲ್ಲಿ ಕಾಣುವುದು ಅವರ ಪಾದದಿಂದ 10 ಸೆಂಟಿಮೀಟರಿನಿಂದ 30 ಸೆಂಟಿಮೀಟರಿನವರೆಗಿನ ಭಾಗ ಮಾತ್ರ. ಇನ್ನೂ ಕಡಿಮೆಯಾಯಿತು.

ನಿಮ್ಮ ಕೈಯಲ್ಲಿರುವ ದಾರಿ ಬೇರೆ: ಅವರನ್ನು ಹಿಂದಕ್ಕೆ ನಿಲ್ಲಿಸಿ. 8 ಮೀಟರಿನಲ್ಲಿ ನಿಲ್ಲಿಸಿದರೆ, ನೀರಿನ ಆಚೆಯ ಅಂಚಿನಲ್ಲಿ 1.17 ಮೀಟರ್ ಎತ್ತರವೂ, ಈಚೆಯ ಅಂಚಿನಲ್ಲಿ ಎರಡೂವರೆ ಮೀಟರ್ ಎತ್ತರವೂ ಕಾಣುತ್ತವೆ. ಸೊಂಟದ ಮೇಲಿನಿಂದ ಕೊಡೆಯ ತುದಿಯವರೆಗೆ ಎಲ್ಲವೂ ನೀರಿನೊಳಗೆ ಬಂತು, ಕೊಡೆಯ ಮೇಲೆ ಸ್ವಲ್ಪ ಆಕಾಶವೂ ಉಳಿಯಿತು. ಇದಕ್ಕಾಗಿ ಅವರನ್ನು ಈಗಿನ ಗಾತ್ರದ ಮುಕ್ಕಾಲು ಭಾಗಕ್ಕೆ ಇಳಿಸಬೇಕು. ಇಳಿಸುವಾಗ ದಿಗಂತರೇಖೆ ಅವರ ಬಾಯಿಯನ್ನು ಹಾದುಹೋಗುತ್ತಿರಲಿ, ಏಕೆಂದರೆ ಒಂದೂವರೆ ಮೀಟರ್ ಎತ್ತರದ ಕ್ಯಾಮೆರಾಕ್ಕೆ, ಸಮತಟ್ಟಾದ ನೆಲದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿರುವುದೆಲ್ಲ ಎಷ್ಟೇ ದೂರದಲ್ಲಿದ್ದರೂ ದಿಗಂತದ ಮೇಲೆಯೇ ಕಾಣುತ್ತದೆ. ಬಾಯಿಯನ್ನು ಅಲ್ಲಿ ಹಿಡಿದು ಕುಗ್ಗಿಸಿದರೆ ಪಾದ ತಾನಾಗಿ 8 ಮೀಟರಿನ ಜಾಗಕ್ಕೆ ಬಂದು ನಿಲ್ಲುತ್ತದೆ.

ಇಲ್ಲೊಂದು ತೊಡಕಿದೆ. ನೀರಿನಲ್ಲಿ ಕಾಣುವುದು ನಿಮ್ಮ ಚಿತ್ರದ ತಲೆಕೆಳಗು ನಕಲು ಅಲ್ಲ. ನೆಲದ ಕೆಳಗೆ ಒಂದೂವರೆ ಮೀಟರ್ ಆಳದಲ್ಲಿ ಇನ್ನೊಂದು ಕ್ಯಾಮೆರಾ ಇಟ್ಟು ನೋಡಿದರೆ ಕಾಣುವ ನೋಟ ಅದು. ಕೋಟು, ಕೈ, ಮುಖದ ಮಟ್ಟಿಗೆ ಈ ವ್ಯತ್ಯಾಸವನ್ನು ಯಾರೂ ಕೇಳುವುದಿಲ್ಲ. ಕೊಡೆಯಲ್ಲಿ ಮಾತ್ರ ಕೇಳುತ್ತಾರೆ. ನೇರ ನೋಟದಲ್ಲಿ ಕೊಡೆಯ ಕೆಳಭಾಗ ಕಾಣುವುದೇ ಇಲ್ಲ ಎನ್ನಬಹುದು. ನೀರಿನಲ್ಲಿ ನಾವು ಅದನ್ನು ಸುಮಾರು 24 ಡಿಗ್ರಿ ಕೆಳಗಿನಿಂದ ನೋಡುತ್ತಿರುತ್ತೇವೆ, ಕಡ್ಡಿಗಳೂ ಒಳಗಿನ ಬಟ್ಟೆಯೂ ಕಾಣಬೇಕು. ಕೊಡೆ ಇನ್ನೂ ನಿಮ್ಮ ಬಳಿ ಇದ್ದರೆ, ಮೋಡದ ದಿನ ಯಾರಾದರೂ ಅದನ್ನು ಅದೇ ರೀತಿ ಹಿಡಿದು ನಿಲ್ಲಲಿ; ನೀವು ಕ್ಯಾಮೆರಾವನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿಟ್ಟು, ಸುಮಾರು 4 ಮೀಟರ್ ದೂರದಿಂದ ಮೇಲ್ಮುಖವಾಗಿ ತೆಗೆಯಿರಿ. ಕೋನ ಅಷ್ಟೇ ಬರುತ್ತದೆ. ಬಟ್ಟೆಯ ಮೂಲಕ ಆಕಾಶದ ಬೆಳಕು ಇಳಿಯುವುದರಿಂದ ಒಳಭಾಗ ಹೊಳೆಯುವ ಕೆಂಪಾಗಿರುತ್ತದೆ. ನಿಮಗೆ ಬೇಕಾಗಿದ್ದ ಕೆಂಪು ಬಹುಶಃ ಅದೇ ಇರಬೇಕು.

ಸಣ್ಣಹೊಳೆ

ನನ್ನದೂ ಇಂಥದೇ ಸಮಸ್ಯೆ ಎಂದುಕೊಂಡು ಇಲ್ಲಿ ಕೇಳುತ್ತಿದ್ದೇನೆ. ಕೆರೆಯ ದಂಡೆಯಲ್ಲಿ ಒಂದು ಕಲ್ಲಿನ ಕಟ್ಟೆ ಇದೆ, ನೀರಿನಿಂದ 60 ಸೆಂಟಿಮೀಟರ್ ಎತ್ತರ. ಅದರ ಮೇಲೆ, ಅಂಚಿನಿಂದ 2 ಮೀಟರ್ ಒಳಗೆ, ಒಬ್ಬ ಗಂಡಸನ್ನು ನಿಲ್ಲಿಸಿದ್ದೇನೆ. ತಿಳಿಗೊಳ ಅವರು ಹೇಳಿದಂತೆಯೇ ಪಾದದಲ್ಲಿ ಮಡಿಸಿದೆ, ಉದ್ದ ಸಮ ಇಟ್ಟೆ. ಆದರೂ ಅವನು ಗಾಳಿಯಲ್ಲಿ ತೇಲುತ್ತಿದ್ದಾನೆ. ಕ್ಯಾಮೆರಾ ಕಟ್ಟೆಯ ಅಂಚಿನಿಂದ 10 ಮೀಟರ್ ದೂರದಲ್ಲಿ, ನೀರಿನ ಮಟ್ಟದಿಂದ ಒಂದೂವರೆ ಮೀಟರ್ ಎತ್ತರದಲ್ಲಿತ್ತು.

ತಿಳಿಗೊಳ

ಪಾದ ನೀರಿನ ಮಟ್ಟದಲ್ಲಿಯೇ ಇದ್ದರೆ ಎಂದು ನಾನು ಹಾಕಿದ ಷರತ್ತು ಇದಕ್ಕಾಗಿಯೇ. ಮಡಿಕೆಯ ಗೆರೆ ಯಾವಾಗಲೂ ನೀರಿನ ಮಟ್ಟದಲ್ಲಿರುತ್ತದೆ, ಪಾದದ ಮಟ್ಟದಲ್ಲಲ್ಲ. ನಿಮ್ಮ ವ್ಯಕ್ತಿ 170 ಸೆಂಟಿಮೀಟರ್ ಎತ್ತರವಿದ್ದು ಚಿತ್ರದಲ್ಲಿ 850 ಪಿಕ್ಸೆಲ್ ಉದ್ದವಿದ್ದರೆ, ಒಂದು ಸೆಂಟಿಮೀಟರಿಗೆ 5 ಪಿಕ್ಸೆಲ್. ಅವನ ಪಾದದಿಂದ 300 ಪಿಕ್ಸೆಲ್ ಕೆಳಗೆ ಗೆರೆ ಎಳೆದು ಅಲ್ಲಿ ಮಡಿಸಿ. ಕಟ್ಟೆಯ ಗೋಡೆಯ ಪ್ರತಿಬಿಂಬ ಈಗಾಗಲೇ ನಿಮ್ಮ ಚಿತ್ರದಲ್ಲಿದೆ. ವ್ಯಕ್ತಿಯ ಪ್ರತಿಬಿಂಬ ಅದರ ಹಿಂದೆ ಹೋಗಬೇಕು. ನೀವು ಕೊಟ್ಟ ಅಳತೆಗೆ ಅವನ ಕಾಲಿನ ಕೆಳಗಿನ ಸುಮಾರು 40 ಸೆಂಟಿಮೀಟರ್ ಮರೆಯಾಗುತ್ತದೆ. ನೀರಿನಲ್ಲಿ ಅವನು ಮೊಣಕಾಲಿನ ಸಮೀಪದಿಂದ ಮಾತ್ರ ಶುರುವಾಗುತ್ತಾನೆ.

ಸಣ್ಣಹೊಳೆ

ಮಾಡಿ ನೋಡಿದೆ, ತೇಲುವುದು ನಿಂತಿತು. ಆದರೆ ನಾನು ಬಿಸಿಲಿನ ಚಿತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ಅವನ ನೆರಳು ಕಟ್ಟೆಯ ಅಂಚು ದಾಟಿ ನೀರಿನ ಮೇಲೆ ಬೀಳಬೇಕು. ಅದನ್ನು ನೀರಿನ ಮೇಲೂ ಕಪ್ಪಾಗಿ ಮುಂದುವರಿಸಬೇಕೇ?

ಕುಂಚ

ಇದಕ್ಕೆ ನಾನು ಉತ್ತರಿಸಬಲ್ಲೆ. ಮಳೆಗಾಲದ ಕೆಂಪು ಹೊಳೆಯ ಮೇಲೆ ದೋಣಿಯ ನೆರಳು ಚೆನ್ನಾಗಿ ಕಾಣುವುದನ್ನು ಕುಳಿತು ಬರೆದಿದ್ದೇನೆ. ಅದೇ ಜಾಗದಲ್ಲಿ ಬೇಸಿಗೆಯಲ್ಲಿ ನೀರು ತಿಳಿಯಾದಾಗ ನೀರಿನ ಮೇಲೆ ನೆರಳೇ ಇರಲಿಲ್ಲ. ಅದು ತಳದ ಮರಳಿನ ಮೇಲೆ, ದೋಣಿಯಿಂದ ದೂರ ಸರಿದು ಬಿದ್ದಿತ್ತು. ಮೊದಲ ಸಲ ನೋಡಿದಾಗ ಅದನ್ನು ಮೀನಿನ ಹಿಂಡು ಎಂದುಕೊಂಡಿದ್ದೆ.

ತಿಳಿಗೊಳ

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನೆರಳು ಬೀಳಲು ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವ ಏನಾದರೂ ಅಲ್ಲಿರಬೇಕು. ಕೆಸರಿನ ಕಣಗಳು ಆ ಕೆಲಸ ಮಾಡುತ್ತವೆ, ತಿಳಿನೀರಿನ ಮೇಲ್ಮೈ ಮಾಡುವುದಿಲ್ಲ. ಸಣ್ಣಹೊಳೆಯವರೇ, ನಿಮ್ಮ ಕೆರೆ ಆಳವಾಗಿ ತಿಳಿಯಾಗಿದ್ದರೆ ಕಟ್ಟೆಯ ಅಂಚಿನಲ್ಲಿ ನೆರಳನ್ನು ನಿಲ್ಲಿಸಿಬಿಡಿ.

ಇಬ್ಬನಿಯವರ ಒದ್ದೆ ಡಾಂಬರಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಒದ್ದೆಯಾದ ಡಾಂಬರು ಬೆಳಕನ್ನು ಚೆದುರಿಸುವುದು ಬಹಳ ಕಡಿಮೆ, ಆದುದರಿಂದಲೇ ಅದು ಒಣ ಡಾಂಬರಿಗಿಂತ ಕಪ್ಪಗೆ ಕಾಣುತ್ತದೆ. ಅದರ ಮೇಲೆ ಬಿಸಿಲಿನ ನೆರಳು ಕೂಡ ತೆಳುವಾಗಿರುತ್ತದೆ, ನಿಂತ ನೀರಿನ ಮೇಲೆ ಹಾದುಹೋಗುವಾಗ ಹೆಚ್ಚು ಕಡಿಮೆ ಮಾಯವಾಗುತ್ತದೆ. ಅದೂ ಅಲ್ಲದೆ ಅವರ ಚಿತ್ರದಲ್ಲಿ ಬಿಸಿಲೇ ಇಲ್ಲ. ಮೋಡದ ಬೆಳಕು ಎಲ್ಲ ದಿಕ್ಕಿನಿಂದಲೂ ಬರುವಾಗ ಎಡಕ್ಕೆ ವಾಲಿದ ನೆರಳನ್ನು ಬರೆಯಲು ಕಾರಣವೇ ಇಲ್ಲ. ಅದನ್ನು ಪೂರ್ತಿ ಅಳಿಸಿ.

ಉಳಿಯುವುದು ಅರೆನಿದ್ದೆಯವರು ಹೇಳಿದ ಎರಡು ಬೆರಳಗಲ. ಅಟ್ಟೆ ನೆಲಕ್ಕೆ ತಾಗುವ ಗೆರೆಯಲ್ಲಿ ಬಹುತೇಕ ಪೂರ್ತಿ ಕಪ್ಪು, ಅಲ್ಲಿಂದ ಒಂದು ಪಾದದ ಅಗಲದಷ್ಟರಲ್ಲಿ ಕರಗಿಹೋಗುವ ಮಬ್ಬು. ಹಿಮ್ಮಡಿ ಸ್ವಲ್ಪ ಎದ್ದಿದ್ದರೆ ಅದರ ಕೆಳಗೆ ಕಪ್ಪು ತುಂಬಬೇಡಿ. ಎದ್ದ ಹಿಮ್ಮಡಿಗೂ ಅದರ ಪ್ರತಿಬಿಂಬಕ್ಕೂ ನಡುವೆ ಎದ್ದದ್ದರ ಎರಡರಷ್ಟು ಅಂತರವಿರುತ್ತದೆ, ಅದರ ಮೂಲಕ ಹಿಂದಿನದು ಕಾಣಬೇಕು. ಪಾದದಿಂದ ನೀರಿನವರೆಗಿನ ಮೂರೂವರೆ ಮೀಟರ್ ಒದ್ದೆ ಡಾಂಬರಿನಲ್ಲಿ ಕಾಲುಗಳ ಪ್ರತಿಬಿಂಬವನ್ನು, ಆಗ ಹೇಳಿದ ಲಂಬ ಮಸುಕಿನಿಂದ, ಎರಡು ಕಪ್ಪು ಪಟ್ಟೆಗಳಂತೆ ಎಳೆಯಿರಿ.

ಮುಸ್ಸಂಜೆ

ರಾತ್ರಿಯ ಚಿತ್ರಗಳಲ್ಲಿ ನಾನು ಮಾಡುತ್ತಿದ್ದ ತಪ್ಪು ಈಗ ತಿಳಿಯಿತು. ಬೀದಿದೀಪದ ಹಳದಿ ಪಟ್ಟೆ ಒದ್ದೆ ರಸ್ತೆಯ ಮೇಲೆ ನನ್ನ ಕಡೆಗೆ ಉದ್ದಕ್ಕೆ ಬರುತ್ತಿತ್ತು, ನಾನು ದೀಪದ ಮುಂದೆ ಒಬ್ಬನನ್ನು ನಿಲ್ಲಿಸಿ ಪಟ್ಟೆಯನ್ನು ಹಾಗೆಯೇ ಬಿಟ್ಟಿದ್ದೆ. ಅವನ ಪಾದದಿಂದ ಈಚೆಗೆ ಆ ಪಟ್ಟೆ ಕತ್ತರಿಸಿಹೋಗಬೇಕಿತ್ತಲ್ಲವೇ?

ತಿಳಿಗೊಳ

ಹೌದು, ಅವನ ದೇಹ ಮುಚ್ಚುವಷ್ಟು ಉದ್ದಕ್ಕೆ. ಅವನ ತಲೆಯ ಪ್ರತಿಬಿಂಬ ಮುಗಿದ ಮೇಲೆ, ಕ್ಯಾಮೆರಾಕ್ಕೆ ಇನ್ನೂ ಹತ್ತಿರದಲ್ಲಿ, ಪಟ್ಟೆ ಮತ್ತೆ ಕಾಣಿಸಿಕೊಳ್ಳಬಹುದು. ಪಾದದ ಆಚೆಯ ಪಟ್ಟೆ ಹಾಗೆಯೇ ಇರಬೇಕು.

ಇಬ್ಬನಿ

ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ, ಮೋಡದ ದಿನಕ್ಕಾಗಿ ಕಾಯಬೇಕಾಯಿತು. ಮಹಿಳೆಯನ್ನು 8 ಮೀಟರಿಗೆ ಸರಿಸಿದೆ. ವಾಲಿದ ನೆರಳನ್ನು ಅಳಿಸಿದೆ. ನೀರಿನಲ್ಲಿ ಪ್ರತಿಫಲಿಸಿದ ಒಂದು ವಿದ್ಯುತ್ ಕಂಬದ ಕಪ್ಪನ್ನು ಅಳತೆಗೆ ಇಟ್ಟುಕೊಂಡು ಆಕಾಶವನ್ನು ಕಳೆದೆ. ಆ ಹಂತದಲ್ಲಿಯೇ, ತಿಳಿಗೊಳ ಸರ್ ಹೇಳಿದಂತೆ, ಅವರು ನೆಲಕ್ಕೆ ಇಳಿದರು. ಕೊಡೆಯ ಒಳಭಾಗವನ್ನು ನೆಲದಲ್ಲಿ ಕುಳಿತು ಬೇರೆಯಾಗಿ ತೆಗೆದೆ. `-3.3` ಹಾಕಿದಾಗ ಕೆಂಪು ತೀರಾ ಮಂಕಾಯಿತು, ಹಿನ್ನೆಲೆಯಲ್ಲಿದ್ದ ಒಂದು ಬಿಳಿ ಫಲಕದ ಪ್ರತಿಬಿಂಬವನ್ನು ಅಳೆದಾಗ ಇಳಿಕೆ `-2.8` ಎಂದು ಬಂತು, ಅದನ್ನೇ ಇಟ್ಟೆ.

ಅದೇ ನಾಲ್ವರಿಗೆ ತೋರಿಸಿದೆ. ಮೂವರು ಏನೂ ಹೇಳಲಿಲ್ಲ, ಕೊಡೆಯ ಬಗ್ಗೆ ಮಾತ್ರ ಮಾತನಾಡಿದರು. ನಾಲ್ಕನೆಯವರು ಇನ್ನೂ ಏನೋ ಸರಿಯಿಲ್ಲ ಎನ್ನುತ್ತಾರೆ.

ಅರೆನಿದ್ದೆ

ಕೂದಲಿನ ಅಂಚು ನೋಡಿ ಎಂದು ನಾನು ಮೊದಲೇ ಹೇಳಿದ್ದೆ.

ತಿಳಿಗೊಳ

ಇರಬಹುದು. `-2.8` ಬಂದದ್ದು ಫಲಕ ನೀರಿನ ಆಚೆಯ ಅಂಚಿನಲ್ಲಿ ಪ್ರತಿಫಲಿಸಿದ್ದರಿಂದ ಎಂದು ನನ್ನ ಊಹೆ, ಅಲ್ಲಿ ಪ್ರತಿಬಿಂಬ ಗಟ್ಟಿ ಎಂದು ಹೇಳಿದ್ದೆನಲ್ಲ. ಕೊಡೆ ಇರುವುದು ಈಚೆಯ ಅಂಚಿನ ಸಮೀಪ. ಅಲ್ಲಿ ಕೆಂಪು ಸ್ವಲ್ಪ ಕಡಿಮೆಯಾಗಿ, ನೀರಿನಡಿಯ ಡಾಂಬರು ಸ್ವಲ್ಪ ಹೆಚ್ಚು ಕಾಣಬೇಕು. ಇಡೀ ಪ್ರತಿಬಿಂಬಕ್ಕೆ ಒಂದೇ ಇಳಿಕೆ ಕೊಟ್ಟಿದ್ದರೆ, ಮಾಸ್ಕಿನಲ್ಲಿ ಆಚೆಯಿಂದ ಈಚೆಗೆ ಒಂದು ಹದವಾದ ಇಳಿಜಾರನ್ನು ಹಾಕಿ ನಾಲ್ಕನೆಯವರಿಗೆ ಮತ್ತೊಮ್ಮೆ ತೋರಿಸಿ.

ಇಬ್ಬನಿ

ಒಂದೇ ಇಳಿಕೆ ಕೊಟ್ಟಿದ್ದು ನಿಜ. ಆದರೆ ಕೆಂಪು ಇನ್ನೂ ಕಡಿಮೆಯಾಗುವುದು ನನಗೆ ಇಷ್ಟವಿಲ್ಲ. ಇಳಿಜಾರನ್ನು ಕೋಟಿಗೆ ಮಾತ್ರ ಹಾಕಿ ಕೊಡೆಯನ್ನು ಹಾಗೆಯೇ ಬಿಟ್ಟು ಒಂದು ಪ್ರತಿ, ಎರಡಕ್ಕೂ ಹಾಕಿ ಇನ್ನೊಂದು ಪ್ರತಿ ಮಾಡುತ್ತೇನೆ. ಯಾವುದು ಯಾವುದೆಂದು ಹೇಳದೆ ಅವರ ಮುಂದೆ ಇಡುತ್ತೇನೆ.